ಪ್ರಿಂಟ್ ಹಾಕುವ ಪ್ಲ್ಯಾನರ್: ಮೂರು ಲಿಸ್ಟಿಂಗ್ ಇದ್ದರೆ ಯಾವುದನ್ನು ಕೊಳ್ಳಬೇಕು?

ಡೌನ್‌ಲೋಡ್ ಮಾಡಿಕೊಂಡು ಮನೆಯಲ್ಲೇ ಪ್ರಿಂಟ್ ಹಾಕುವ ಪ್ಲ್ಯಾನರ್‌ಗಳ ಲಿಸ್ಟಿಂಗ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಚೆಂದದ ಫೋಟೋ. ಮರದ ಮೇಜು, ಪಕ್ಕದಲ್ಲೊಂದು ಪೆನ್ನು, ರಿಂಗ್ ಬೈಂಡರ್‌ನಲ್ಲಿ ಅಚ್ಚುಕಟ್ಟಾಗಿ ಕೂತ ಹಾಳೆಗಳು. ಅದು ಬಹುಪಾಲು ಮಾಕಪ್. ಅಂದರೆ ಖಾಲಿ ಬೈಂಡರ್‌ನ ಚಿತ್ರದ ಮೇಲೆ ಪುಟದ ವಿನ್ಯಾಸವನ್ನು ಕಂಪ್ಯೂಟರ್‌ನಲ್ಲಿ ಕೂರಿಸಿರುತ್ತಾರೆ. ಆ ಹಾಳೆ ನಿಜವಾಗಿ ಪ್ರಿಂಟ್ ಆಗಿರಲೇಬೇಕು ಅಂತೇನಿಲ್ಲ. ನಿಮ್ಮ ಪ್ರಿಂಟರ್‌ನಲ್ಲಿ ಅದು ಹೇಗೆ ಬರುತ್ತದೆ, ನಿಮ್ಮ ಬೈಂಡರ್‌ನಲ್ಲಿ ಕೂರುತ್ತದೋ ಇಲ್ಲವೋ ಅನ್ನುವುದು ಗೊತ್ತಾಗುವುದು ಕೆಳಗಿನ ವಿವರಣೆಯಲ್ಲಿ. ಪುಟದ ಅಳತೆ, ಫೈಲಿನ ಬಗೆ, ಲೈಸೆನ್ಸ್, ಈ ಮೂರನ್ನು ಇದೇ ಕ್ರಮದಲ್ಲಿ ಓದಿ. ಅಳತೆ ತಪ್ಪಿದ್ದರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಕೆಲಸಕ್ಕೆ ಬರುವುದಿಲ್ಲ. ಡಿಜಿಟಲ್ ಫೈಲ್ ಒಮ್ಮೆ ಡೌನ್‌ಲೋಡ್ ಆದ ಮೇಲೆ ಹಣ ವಾಪಸ್ ಕೊಡದ ಅಂಗಡಿಗಳೇ ಜಾಸ್ತಿ. ಹಾಗಾಗಿ ಓದುವ ಕೆಲಸ ಕೊಳ್ಳುವ ಮೊದಲೇ ಆಗಬೇಕು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಒಬ್ಬ ಸಂಗೀತ ಟೀಚರ್ ಇದ್ದಾರೆ. ಅವರ ಹತ್ತಿರ ಎ5 ಅಳತೆಯ ಆರು ರಿಂಗ್ ಬೈಂಡರ್ ಇದೆ. ಪ್ರಿಂಟರ್‌ಗೆ ಹಾಕುವುದು ಎ4 ಹಾಳೆ. ಅವರಿಗೆ ತಾರೀಕು ಹಾಕಿರದ, ಒಂದು ವಾರ ಎರಡು ಪುಟದಲ್ಲಿ ಹರಡಿಕೊಂಡಿರುವ ಪ್ಲ್ಯಾನರ್ ಬೇಕು. ಜೊತೆಗೆ ಅದರಲ್ಲಿರುವ ಅಭ್ಯಾಸದ ಪುಟವನ್ನು ತಮ್ಮ ಹತ್ತಿರ ಕಲಿಯುವ ಮಕ್ಕಳಿಗೂ ಪ್ರಿಂಟ್ ಹಾಕಿ ಕೊಡಬೇಕು ಅಂತ ಆಸೆ. ಹುಡುಕಿದಾಗ ಮೂರು ಲಿಸ್ಟಿಂಗ್ ಇಷ್ಟವಾದವು. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಮೊದಲನೆಯದರಲ್ಲಿ ಹೀಗಿದೆ: "ಲೆಟರ್ ಸೈಜ್ ಪಿಡಿಎಫ್. ಎ4, ಎ5 ಯಾವುದಕ್ಕೆ ಬೇಕಾದರೂ ಸುಲಭವಾಗಿ ರೀಸೈಜ್ ಮಾಡಿಕೊಳ್ಳಬಹುದು. ಪರ್ಸನಲ್ ಯೂಸ್ ಮಾತ್ರ."

ಎರಡನೆಯದು: "ಎ4, ಎ5, ಲೆಟರ್, ಹಾಫ್ ಲೆಟರ್, ನಾಲ್ಕೂ ಅಳತೆ. 300 ಡಿಪಿಐ ಜೆಪಿಜಿ, ಜಿಪ್ ಫೈಲಿನಲ್ಲಿ. ಕಮರ್ಷಿಯಲ್ ಯೂಸ್ ಸೇರಿದೆ."

ಮೂರನೆಯದು: "ಎ5 ಪಿಡಿಎಫ್. ಜೊತೆಗೆ ಒಂದು ಎ4 ಹಾಳೆಗೆ ಎರಡು ಎ5 ಪುಟ ಬರುವ ಇನ್ನೊಂದು ಪಿಡಿಎಫ್. ತೂತಿಗೆ ಒಳಬದಿಯಲ್ಲಿ 15 ಮಿ.ಮೀ. ಜಾಗ. ಒಬ್ಬ ಬಳಕೆದಾರರಿಗೆ. ತರಗತಿಯ ಲೈಸೆನ್ಸ್ ಬೇರೆ ಲಿಸ್ಟಿಂಗ್‌ನಲ್ಲಿದೆ."

ಮೇಲ್ನೋಟಕ್ಕೆ ಎರಡನೆಯದೇ ಲಾಭ ಅನ್ನಿಸುತ್ತದೆ. ನಾಲ್ಕು ಅಳತೆ, ಕಮರ್ಷಿಯಲ್ ಯೂಸ್ ಬೇರೆ. ಒಂದೊಂದಾಗಿ ನೋಡೋಣ.

"ಸುಲಭವಾಗಿ ರೀಸೈಜ್" ಅಂದರೆ ಎಷ್ಟು ನಿಜ?

ಎ4, ಎ5 ಎರಡೂ ಒಂದೇ ಮನೆತನದವು. ಎ4 ಹಾಳೆಯನ್ನು ನಡುವೆ ಮಡಚಿದರೆ ಸಿಗುವುದೇ ಎ5. ಉದ್ದ ಅಗಲದ ಅನುಪಾತ ಎರಡರಲ್ಲೂ ಒಂದೇ ಇರುವುದರಿಂದ ಒಂದನ್ನು ಕುಗ್ಗಿಸಿದರೆ ಇನ್ನೊಂದರ ಮೇಲೆ ಸರಿಯಾಗಿ ಕೂರುತ್ತದೆ. ಲೆಟರ್ ಬೇರೆ ಮನೆತನ. ಅದು 8.5 ಇಂಚು ಅಗಲ, 11 ಇಂಚು ಉದ್ದ, ಅಂದರೆ ಸುಮಾರು 216 ಮಿ.ಮೀ. ಅಗಲ, 279 ಮಿ.ಮೀ. ಉದ್ದ. ಎ4 ಅದಕ್ಕಿಂತ ಕೊಂಚ ಸಪೂರ, ಕೊಂಚ ಎತ್ತರ: 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ, ತೊಂದರೆ ಶುರುವಾಗುವುದೇ ಅಲ್ಲಿ.

ಮೊದಲನೇ ಲಿಸ್ಟಿಂಗ್‌ನ ಲೆಟರ್ ಪುಟವನ್ನು ಎ5 ಮೇಲೆ ಕೂರಿಸಲು ಹೋದರೆ ಅಗಲ ಹೊಂದಿಸಬೇಕು. 216 ಮಿ.ಮೀ. ಇರುವುದು 148 ಮಿ.ಮೀ. ಆಗಬೇಕು, ಅಂದರೆ ಎಲ್ಲವೂ ಶೇ. 68.5ರಷ್ಟಕ್ಕೆ ಕುಗ್ಗುತ್ತದೆ. ಆಗ ಪುಟದ ಉದ್ದ ಸುಮಾರು 191 ಮಿ.ಮೀ. ಆಗುತ್ತದೆ. ಎ5 ಹಾಳೆಯ ಉದ್ದ 210. ಮೇಲೆ ಕೆಳಗೆ ಸೇರಿ ಸುಮಾರು ಎರಡು ಸೆಂಟಿಮೀಟರ್ ಬಿಳಿ ಪಟ್ಟಿ ಸುಮ್ನೆ ಉಳಿಯುತ್ತದೆ. ಅದನ್ನಾದರೂ ಸಹಿಸಬಹುದು. ಆದರೆ ಗೆರೆಗಳ ನಡುವೆ 7 ಮಿ.ಮೀ. ಇದ್ದದ್ದು 5ಕ್ಕಿಂತ ಕಡಿಮೆ ಆಗುತ್ತದೆ. 9 ಪಾಯಿಂಟ್ ಅಕ್ಷರ 6 ಪಾಯಿಂಟ್‌ಗೆ ಇಳಿಯುತ್ತದೆ. ದಪ್ಪ ಪೆನ್ನಲ್ಲಿ ಬರೆಯುವವರಿಗೆ ಆ ಗೆರೆಗಳಲ್ಲಿ ಜಾಗವೇ ಸಾಲದು. ತೂತಿಗೆ ಬಿಟ್ಟಿದ್ದ ಜಾಗವೂ ಅದೇ ಲೆಕ್ಕದಲ್ಲಿ ಕುಗ್ಗಿ, ಪಂಚ್ ಮಾಡಿದಾಗ ಸೋಮವಾರದ ಮೊದಲ ಅಕ್ಷರಗಳು ತೂತಿನೊಳಗೆ ಹೋಗುತ್ತವೆ.

ಹಾಗಂತ ಎ4 ಫೈಲನ್ನು ಎ5ಗೆ ಕುಗ್ಗಿಸಿದರೆ ಎಲ್ಲ ಸರಿಯಾಗುತ್ತದೆ ಅಂತಲೂ ಅಲ್ಲ. ಆಕಾರ ಸರಿಯಾಗುತ್ತದೆ, ಬಿಳಿ ಪಟ್ಟಿ ಉಳಿಯುವುದಿಲ್ಲ. ಗೆರೆ ಮಾತ್ರ ಶೇ. 71ಕ್ಕೆ ಇಳಿದೇ ಇಳಿಯುತ್ತದೆ. ನಿಜವಾದ ಎ5 ಪ್ಲ್ಯಾನರ್ ಅಂದರೆ ಎ5ಗೆ ಅಂತಲೇ ಮತ್ತೆ ಜೋಡಿಸಿದ್ದು. ಗೆರೆಗಳ ನಡುವಿನ ಅಂತರ ಅಷ್ಟೇ ಇಟ್ಟು, ಗೆರೆಗಳ ಸಂಖ್ಯೆ ಕಡಿಮೆ ಮಾಡಿರುತ್ತಾರೆ. ಇದನ್ನು ಕೊಳ್ಳುವ ಮೊದಲೇ ಕಂಡುಹಿಡಿಯಲು ಒಂದು ಸುಲಭದ ದಾರಿ ಇದೆ. ಲಿಸ್ಟಿಂಗ್‌ನಲ್ಲಿ ಎ4 ಪುಟದ ಚಿತ್ರ, ಎ5 ಪುಟದ ಚಿತ್ರ ಎರಡೂ ಇದ್ದರೆ, ಒಂದು ದಿನದ ಚೌಕದಲ್ಲಿ ಎಷ್ಟು ಗೆರೆ ಇವೆ ಅಂತ ಎಣಿಸಿ. ಎರಡರಲ್ಲೂ ಅಷ್ಟೇ ಗೆರೆ ಇದ್ದರೆ ಬರೀ ಕುಗ್ಗಿಸಿದ್ದು ಅಂತ ಅರ್ಥ. ಅದು ಕುಗ್ಗಿಸಿದ್ದೇ ಆದರೆ ಎರಡನೇ ಲಿಸ್ಟಿಂಗ್‌ನ "ನಾಲ್ಕೂ ಅಳತೆ"ಯಲ್ಲಿ ನಿಮಗೆ ಸಿಗುವುದು ಒಂದೇ ವಿನ್ಯಾಸ, ನಾಲ್ಕು ಫೋಲ್ಡರ್.

ನಡುವೆ ಒಂದು ಮಾತು. ಹಾಫ್ ಲೆಟರ್ ಫೈಲನ್ನು ಎ5 ಬೈಂಡರ್‌ನವರು ಸುಮ್ನೆ ತಳ್ಳಿಹಾಕಬೇಕಿಲ್ಲ. ಅದು ಎ5ಗಿಂತ 6 ಮಿ.ಮೀ. ಉದ್ದ, 8 ಮಿ.ಮೀ. ಸಪೂರ. ಎ5 ಹಾಳೆಗೆ ಹೊಂದಿಸಿದಾಗ ಕುಗ್ಗುವುದು ಶೇ. 3ಕ್ಕಿಂತ ಕಡಿಮೆ. ಜಾಗ ಉಳಿಯುವುದು ಅಗಲದಲ್ಲಿ, ಅದೂ ಸುಮಾರು 12 ಮಿ.ಮೀ. ರಿಂಗ್ ಬೈಂಡರ್‌ನವರಿಗೆ ಜಾಗ ಬೇಕಾಗಿರುವುದೂ ಅಲ್ಲೇ ಅಲ್ವಾ? ಹಾಗೆಯೇ ಪೂರ್ತಿ ಲೆಟರ್ ಪುಟವನ್ನು ಎ4 ಮೇಲೆ ಪ್ರಿಂಟ್ ಹಾಕಿ ಎ4 ಫೈಲಿನಲ್ಲಿ ಇಡುವವರಿಗೂ ತೊಂದರೆ ಇಲ್ಲ. ತೀರಾ ಕಷ್ಟವಾಗುವುದು ದೊಡ್ಡ ಪುಟವನ್ನು ಅರ್ಧ ಮಾಡಲು ಹೊರಟಾಗ.

ಇನ್ನು ಮೂರನೆಯದು. ಒಂದು ಎ4 ಹಾಳೆಗೆ ಎರಡು ಎ5 ಪುಟ ಬರುವ ಪಿಡಿಎಫ್ ಇದೆಯಲ್ಲ, ಎ4 ಪ್ರಿಂಟರ್ ಇದ್ದು ಎ5 ಬೈಂಡರ್ ಬಳಸುವವರಿಗೆ ಅದು ಬಹಳ ಉಪಕಾರಿ. ಪ್ರಿಂಟ್ ಹಾಕಿ ನಡುವೆ ಕತ್ತರಿಸಿದರೆ ಮುಗಿಯಿತು. ಆದರೆ ಎರಡೂ ಬದಿ ಪ್ರಿಂಟ್ ಹಾಕುವಾಗ ಜೋಪಾನ. ಅಡ್ಡಲಾಗಿ ಇಟ್ಟ ಹಾಳೆಯಲ್ಲಿ ಎರಡು ಪುಟ ಅಕ್ಕಪಕ್ಕ ಕೂತಿರುತ್ತವೆ, ಹಾಗಾಗಿ ಪ್ರಿಂಟ್ ಕಿಟಕಿಯಲ್ಲಿ Flip on short edge ಆರಿಸಬೇಕು. Flip on long edge ಇದ್ದರೆ ಹಿಂದಿನ ಪುಟ ತಲೆಕೆಳಗಾಗಿ ಬರುತ್ತದೆ. ಅಳತೆಗೆ Actual size ಆರಿಸಿ. Fit ಇದ್ದರೆ ಪ್ರಿಂಟರ್ ತನ್ನ ಅಂಚು ಬಿಟ್ಟು ಉಳಿದ ಜಾಗಕ್ಕೆ ಪುಟವನ್ನು ಕುಗ್ಗಿಸುತ್ತದೆ. ಪೂರ್ತಿ ಕಟ್ಟು ಪ್ರಿಂಟ್ ಹಾಕುವ ಮೊದಲು ಒಂದೇ ಒಂದು ಹಾಳೆಯ ಎರಡೂ ಬದಿ ಹಾಕಿ, ಸ್ಕೇಲ್ ಇಟ್ಟು ನೋಡಿ. ಗೆರೆಗಳ ಅಂತರ 7 ಮಿ.ಮೀ. ಅಂತ ಲಿಸ್ಟಿಂಗ್ ಹೇಳಿದ್ದರೆ ಹತ್ತು ಅಂತರ ಸೇರಿ 70 ಮಿ.ಮೀ. ಬರಬೇಕು. 67 ಬಂದರೆ ಎಲ್ಲೋ Fit ಉಳಿದುಕೊಂಡಿದೆ.

ವಾರಕ್ಕೆ ಎರಡು ಪುಟದ ವಿನ್ಯಾಸದಲ್ಲಿ ಇನ್ನೊಂದನ್ನು ನೋಡಲೇಬೇಕು. ಬೈಂಡರ್ ತೆರೆದಾಗ ಎಡಗಡೆ ಪುಟದ ತೂತು ಅದರ ಬಲಬದಿಯಲ್ಲಿರುತ್ತದೆ, ಬಲಗಡೆ ಪುಟದ ತೂತು ಎಡಬದಿಯಲ್ಲಿ. ಹಾಗಾಗಿ ಬಿಳಿ ಜಾಗವೂ ಒಂದು ಪುಟದಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ ಇರಬೇಕು. ಎಲ್ಲ ಪುಟದಲ್ಲೂ ಎಡಕ್ಕೇ ಜಾಗ ಬಿಟ್ಟಿದ್ದರೆ ಅದು ಒಂದೇ ಬದಿ ಪ್ರಿಂಟ್ ಹಾಕುವವರಿಗೆ ಮಾಡಿದ್ದು. ಲಿಸ್ಟಿಂಗ್‌ನ ಚಿತ್ರದಲ್ಲಿ ಅಕ್ಕಪಕ್ಕದ ಎರಡು ಪುಟ ಇದ್ದರೆ ಇದು ಒಂದು ನೋಟಕ್ಕೇ ಗೊತ್ತಾಗುತ್ತದೆ.

ಪಿಡಿಎಫ್ ಬೇಕೋ, ಜೆಪಿಜಿ ಬೇಕೋ

ಕಾಗದದ ಪ್ಲ್ಯಾನರ್‌ಗೆ ನನ್ನ ಆಯ್ಕೆ ಪಿಡಿಎಫ್. ಕಾರಣ ಸರಳ. ಪಿಡಿಎಫ್ ಒಳಗೆ ಪುಟದ ನಿಜವಾದ ಅಳತೆಯೇ ಕೂತಿರುತ್ತದೆ, ಎಲ್ಲ ಪುಟಗಳೂ ಕ್ರಮವಾಗಿ ಒಂದೇ ಫೈಲಿನಲ್ಲಿ ಇರುತ್ತವೆ. ಚೆನ್ನಾಗಿ ಮಾಡಿದ ಪಿಡಿಎಫ್‌ನಲ್ಲಿ ಗೆರೆ, ಅಕ್ಷರ ಎಲ್ಲ ವೆಕ್ಟರ್, ಅಂದರೆ ಚುಕ್ಕಿಗಳ ಬದಲು ಗಣಿತದ ಲೆಕ್ಕದಲ್ಲಿ ಬರೆದ ಆಕಾರ, ಆಗಿರುವುದರಿಂದ ಎಷ್ಟು ದೊಡ್ಡದು ಮಾಡಿದರೂ ಅಂಚು ಮಸುಕಾಗುವುದಿಲ್ಲ. ಪಿಡಿಎಫ್ ಅಂತ ಹೆಸರಿದ್ದ ಮಾತ್ರಕ್ಕೆ ವೆಕ್ಟರ್ ಅಂತ ನಂಬಬೇಡಿ. ಎಷ್ಟೋ ಮಂದಿ ಜೆಪಿಜಿ ಚಿತ್ರಗಳನ್ನೇ ಪಿಡಿಎಫ್ ಒಳಗೆ ಹಾಕಿ ಮಾರುತ್ತಾರೆ. ಮಾದರಿ ಪುಟ ಕೊಟ್ಟಿದ್ದರೆ ತೆರೆದು 800% ಜೂಮ್ ಮಾಡಿ. ಅಕ್ಷರದ ಅಂಚು ಚಾಕುವಿನಲ್ಲಿ ಕತ್ತರಿಸಿದ ಹಾಗೆ ಇದ್ದರೆ ವೆಕ್ಟರ್. ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಅಥವಾ ಸುತ್ತ ಬೂದು ಧೂಳು ಹಿಡಿದಂತೆ ಕಂಡರೆ ಒಳಗಿರುವುದು ಚಿತ್ರ. ಅಡೋಬಿ ರೀಡರ್‌ನಲ್ಲಿ Ctrl+D ಒತ್ತಿದರೆ ಪುಟದ ಅಳತೆಯೂ ಕಾಣುತ್ತದೆ. ಎ5 ಅಂತ ಹೇಳಿದ್ದಕ್ಕೆ 148 × 210 mm, ಇಂಚಿನಲ್ಲಾದರೆ 5.83 × 8.27 in ಇರಬೇಕು. ಅಲ್ಲಿ 8.5 × 11 in ಅಂತ ಬಂದರೆ ಫೈಲಿನ ಹೆಸರು ಮಾತ್ರ ಎ5.

ಎರಡನೇ ಲಿಸ್ಟಿಂಗ್‌ನ "300 ಡಿಪಿಐ ಜೆಪಿಜಿ", ಅಂದರೆ ಇಂಚಿಗೆ 300 ಚುಕ್ಕಿ ಇರುವ ಚಿತ್ರ, ಕಿವಿಗೆ ಚೆನ್ನಾಗಿ ಕೇಳಿಸುತ್ತದೆ. ಆದರೆ ಜೆಪಿಜಿಗೆ 300 ಡಿಪಿಐ ಅಂತ ಚೀಟಿ ಅಂಟಿಸುವುದು ಯಾರಿಗೂ ಕಷ್ಟವಲ್ಲ, ಸಣ್ಣ ಚಿತ್ರಕ್ಕೂ ಅಂಟಿಸಬಹುದು. ನೋಡಬೇಕಾದ್ದು ಪಿಕ್ಸೆಲ್ ಎಷ್ಟಿವೆ ಅಂತ. ಎ5 ಪುಟ 300ರ ಲೆಕ್ಕದಲ್ಲಿ ಬರಬೇಕಾದರೆ 1748 × 2480 ಪಿಕ್ಸೆಲ್ ಬೇಕು, ಎ4ಗೆ 2480 × 3508. ಎ4 ಫೋಲ್ಡರ್ ಒಳಗಿನ ಚಿತ್ರವೂ 1748 × 2480 ಇದ್ದರೆ ಎ4 ಹಾಳೆಯ ಮೇಲೆ ಸಿಗುವುದು ಸುಮಾರು 211 ಡಿಪಿಐ ಅಷ್ಟೇ. ದೊಡ್ಡ ತಲೆಬರಹಕ್ಕೆ ಅದು ಸಾಕು, ಸಣ್ಣ ಅಕ್ಷರಕ್ಕೆ, ಕೂದಲೆಳೆಯಂಥ ಗೆರೆಗೆ ಸಾಲದು.

ಪ್ರಿಂಟ್ ಹಾಕುವಾಗಲೂ ಜೆಪಿಜಿ ಕಾಟ ಕೊಡುತ್ತದೆ. ವಿಂಡೋಸ್‌ನಲ್ಲಿ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಿಂಟ್ ಕೊಟ್ಟರೆ ಬರುವ ಕಿಟಕಿಯಲ್ಲಿ Fit picture to frame ಅನ್ನುವ ಚೌಕದಲ್ಲಿ ಟಿಕ್ ಇರುತ್ತದೆ. ಅದು ಹಾಳೆ ತುಂಬುವ ತನಕ ಚಿತ್ರವನ್ನು ದೊಡ್ಡದು ಮಾಡಿ, ಅಂಚನ್ನು ಕತ್ತರಿಸಿ ಹಾಕುತ್ತದೆ. ಪುಟದ ಮೇಲಿನ ತಿಂಗಳ ಹೆಸರು ಅರ್ಧ ಹಾರಿಹೋದಾಗ ಜನ ಫೈಲೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಆ ಟಿಕ್ ತೆಗೆದರೆ ಸರಿಹೋಗುತ್ತದೆ. ಆದರೂ ಐವತ್ತು ಅರವತ್ತು ಬಿಡಿ ಚಿತ್ರಗಳನ್ನು ಎರಡೂ ಬದಿಗೆ ಕ್ರಮ ತಪ್ಪದಂತೆ ಪ್ರಿಂಟ್ ಹಾಕುವುದು ನಿಜಕ್ಕೂ ಬೇಸರದ ಕೆಲಸ.

ಜೆಪಿಜಿ, ಪಿಎನ್‌ಜಿ ಒಳ್ಳೆಯದಾಗುವ ಕಡೆಯೂ ಇದೆ. ಒಂದೇ ಪುಟವನ್ನು ಟ್ಯಾಬ್ಲೆಟ್‌ನ ನೋಟ್ಸ್ ಆ್ಯಪ್‌ಗೆ ಹಾಕಿಕೊಂಡು ಮೇಲೆ ಬರೆಯುವವರಿಗೆ ಚಿತ್ರವೇ ಅನುಕೂಲ. ಹಿನ್ನೆಲೆ ಇಲ್ಲದ ಸ್ಟಿಕ್ಕರ್ ಬೇಕಾದರೆ ಪಿಎನ್‌ಜಿಯೇ ಬೇಕು. ಪುಟದ ತಲೆಬರಹ ಬದಲಿಸಬೇಕು ಅನ್ನುವವರಿಗೆ ಎಡಿಟ್ ಮಾಡಬಹುದಾದ ಟೆಂಪ್ಲೇಟ್ ಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಸಿಗುವುದು ಫೈಲ್ ಅಲ್ಲ, ಕ್ಯಾನ್ವಾದಂಥ ಸೈಟಿಗೆ ಹೋಗುವ ಒಂದು ಲಿಂಕ್. ಅಲ್ಲಿ ನಿಮ್ಮ ಹೆಸರಿನಲ್ಲಿ ಖಾತೆ ಬೇಕು, ಉಚಿತ ಖಾತೆ ಸಾಕೋ ಇಲ್ಲವೋ ಅಂತ ಮೊದಲೇ ಕೇಳಿಕೊಳ್ಳಿ. ಇನ್ನು "ಹೈಪರ್‌ಲಿಂಕ್ಡ್ ಡಿಜಿಟಲ್ ಪ್ಲ್ಯಾನರ್" ಅಂತ ಇದ್ದರೆ ಅದು ಟ್ಯಾಬ್ಲೆಟ್‌ಗೆ ಮಾಡಿದ್ದು. ಪಕ್ಕದಲ್ಲಿ ಬಣ್ಣದ ಟ್ಯಾಬ್‌ಗಳಿರುತ್ತವೆ, ಕಾಗದದ ಮೇಲೆ ಅವುಗಳಿಂದ ಶಾಯಿ ಖರ್ಚು ಬಿಟ್ಟರೆ ಬೇರೇನೂ ಇಲ್ಲ.

ಫೈಲ್ ಕೈಗೆ ಬರುವ ದಾರಿಯನ್ನೂ ಗಮನಿಸಿ. ಎಟ್ಸಿ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲಿ ಒಂದು ಲಿಸ್ಟಿಂಗ್‌ಗೆ ಐದು ಫೈಲ್ ಮಾತ್ರ ಹಾಕಬಹುದು, ಒಂದೊಂದೂ 20 ಎಂಬಿ ಮೀರುವಂತಿಲ್ಲ. ದೊಡ್ಡ ಕಟ್ಟು ಮಾರುವವರು ಅದಕ್ಕೇ ಒಂದು ಪುಟದ ಪಿಡಿಎಫ್ ಕೊಟ್ಟು, ಅದರೊಳಗೆ ಕ್ಲೌಡ್ ಡ್ರೈವ್‌ನ ಲಿಂಕ್ ಇಡುತ್ತಾರೆ. ಇದರಲ್ಲಿ ಮೋಸ ಏನಿಲ್ಲ. ಆದರೆ ಆ ಲಿಂಕ್ ಮಾರಿದವರ ಕೈಯಲ್ಲಿರುತ್ತದೆ, ಅವರು ಫೋಲ್ಡರ್ ಅಳಿಸಿದರೆ ನಿಮ್ಮದೂ ಹೋಯಿತು. ಕೊಂಡ ದಿನವೇ ಎಲ್ಲವನ್ನೂ ಇಳಿಸಿಟ್ಟುಕೊಳ್ಳಿ.

ಲೈಸೆನ್ಸ್‌ನ ಆ ಒಂದು ಸಾಲು

ಪರ್ಸನಲ್ ಯೂಸ್ ಅಂದರೆ ಕೊಂಡವರು ತಮಗಾಗಿ ಬಳಸುವುದು. ನಿಮಗೆ ಬೇಕಾದಷ್ಟು ಸಲ, ಪ್ರತಿ ವರ್ಷ, ಪ್ರಿಂಟ್ ಹಾಕಿಕೊಳ್ಳಲು ಸಾಮಾನ್ಯವಾಗಿ ಅಡ್ಡಿ ಇರುವುದಿಲ್ಲ. ಫೈಲನ್ನು ಗೆಳತಿಗೆ ಕಳಿಸುವುದು, ಗ್ರೂಪಿಗೆ ಹಾಕುವುದು, ಪ್ರಿಂಟ್ ಮಾರುವುದು ಇವಕ್ಕೆ ಅವಕಾಶ ಇಲ್ಲ. ನಮ್ಮ ಸಂಗೀತ ಟೀಚರ್ "ನಾನೇನು ಮಾರುತ್ತಿಲ್ಲವಲ್ಲ, ಮಕ್ಕಳಿಗೆ ಸುಮ್ನೆ ಕೊಡುತ್ತೇನೆ" ಅನ್ನಬಹುದು. ದುಡ್ಡು ತೆಗೆದುಕೊಳ್ಳದೇ ಇದ್ದರೂ ಅದು ಬೇರೆಯವರ ಬಳಕೆ, ಜೊತೆಗೆ ಟೀಚರ್ ಫೀಸ್ ಪಡೆದು ಮಾಡುವ ಕೆಲಸದ ಭಾಗವೂ ಹೌದು. ಮೊದಲನೇ ಲಿಸ್ಟಿಂಗ್‌ನ "ಪರ್ಸನಲ್ ಯೂಸ್ ಮಾತ್ರ" ಅವರ ಎರಡನೇ ಆಸೆಗೆ ಒಗ್ಗುವುದಿಲ್ಲ.

ಹಾಗಾದರೆ "ಕಮರ್ಷಿಯಲ್ ಯೂಸ್ ಸೇರಿದೆ" ಅಂದಿರುವ ಎರಡನೆಯದು ಸಾಕಲ್ಲ? ಆ ಸಾಲಿನ ಅಡಿಯಲ್ಲಿ ನಾಲ್ಕು ಬೇರೆ ಬೇರೆ ಅನುಮತಿ ಇರಬಹುದು. ನಿಮ್ಮ ವ್ಯಾಪಾರದ ಒಳಗಿನ ಕೆಲಸಕ್ಕೆ ಬಳಸುವುದು ಒಂದು. ಪ್ರಿಂಟ್ ಹಾಕಿ, ಬೈಂಡ್ ಮಾಡಿ ಪುಸ್ತಕವಾಗಿ ಮಾರುವುದು ಇನ್ನೊಂದು. ಬದಲಾಯಿಸಿ ನಿಮ್ಮ ಹೆಸರಲ್ಲಿ ಫೈಲ್ ಮಾರುವುದು ಮೂರನೆಯದು, ಇದನ್ನು ಪಿಎಲ್ಆರ್ ಅನ್ನುತ್ತಾರೆ. ಇದ್ದ ಹಾಗೇ ಮಾರಿ, ಕೊಂಡವರಿಗೂ ಮಾರುವ ಹಕ್ಕು ದಾಟಿಸುವುದು ನಾಲ್ಕನೆಯದು, ಇದಕ್ಕೆ ಎಂಆರ್‌ಆರ್ ಅಂತ ಹೆಸರು. ಯಾವುದಕ್ಕೆ ಒಪ್ಪಿಗೆ ಅಂತ ಬರೆಯದೇ ಬರೀ ಕಮರ್ಷಿಯಲ್ ಯೂಸ್ ಅಂದರೆ ನಿಮ್ಮ ಕೈಗೆ ಗಟ್ಟಿಯಾಗಿ ಏನೂ ಸಿಕ್ಕಿಲ್ಲ. ಎಚ್ಚರಿಕೆಯಿಂದ ಬರೆದ ಲೈಸೆನ್ಸ್ ಹೀಗಿರುತ್ತದೆ: "ಪ್ರಿಂಟ್ ಮಾಡಿ 500 ಪ್ರತಿಯವರೆಗೆ ಮಾರಬಹುದು. ಡಿಜಿಟಲ್ ಫೈಲನ್ನು ಯಾವ ರೂಪದಲ್ಲೂ ಮಾರುವಂತಿಲ್ಲ, ಹಂಚುವಂತಿಲ್ಲ. ಹಕ್ಕುಸ್ವಾಮ್ಯ ವಿನ್ಯಾಸ ಮಾಡಿದವರದೇ." ಸಂಖ್ಯೆ ಇದೆ, ಕಾಗದ ಬೇರೆ ಫೈಲ್ ಬೇರೆ ಅಂತ ಸ್ಪಷ್ಟವಾಗಿದೆ. ಇಂಥದ್ದನ್ನು ನಂಬಬಹುದು.

ಇನ್ನೊಂದು ವಿಷಯಕ್ಕೆ ನಾನು ಜಾಸ್ತಿ ಒತ್ತು ಕೊಡುತ್ತೇನೆ. ಮಾರುವವರು ತಮ್ಮ ಹತ್ತಿರ ಇರುವುದಕ್ಕಿಂತ ಹೆಚ್ಚಿನ ಹಕ್ಕನ್ನು ನಿಮಗೆ ಕೊಡಲಾರರು. ಪುಟದ ಮೂಲೆಯ ಹೂವಿನ ಚಿತ್ರ, ತಲೆಬರಹದ ಫಾಂಟ್, ಇವು ಬೇರೆಯವರ ಕೈಯಿಂದ ಬಂದಿರಬಹುದು. ಆ ಚಿತ್ರವನ್ನು ಅವರು ಪರ್ಸನಲ್ ಲೈಸೆನ್ಸ್‌ನಲ್ಲಿ ತಂದಿದ್ದರೆ, ಅವರು ನಿಮಗೆ ಬರೆದುಕೊಟ್ಟ ಕಮರ್ಷಿಯಲ್ ಯೂಸ್‌ಗೆ ಬುಡವೇ ಇಲ್ಲ. ಪ್ರಿಂಟ್ ಮಾರುವ ಯೋಚನೆ ಇರುವವರು ಬರೀ ಗೆರೆ, ಚೌಕ ಇರುವ ಸರಳ ವಿನ್ಯಾಸ ಆರಿಸಿಕೊಂಡರೆ ಈ ತಲೆನೋವು ಕಡಿಮೆ. ಫಾಂಟ್ ಎಸ್ಐಎಲ್ ಓಪನ್ ಫಾಂಟ್ ಲೈಸೆನ್ಸ್‌ನದಾದರೆ ಅದರಲ್ಲಿ ಮಾಡಿದ ಪುಟವನ್ನು ಮಾರಲು ಫಾಂಟ್ ಕಡೆಯಿಂದ ತಡೆ ಇರುವುದಿಲ್ಲ.

ಮೂರನೇ ಲಿಸ್ಟಿಂಗ್‌ನ "ತರಗತಿಯ ಲೈಸೆನ್ಸ್ ಬೇರೆ" ಅನ್ನುವ ಸಾಲು ಮೊದಲು ಓದಿದಾಗ ಜಿಪುಣತನ ಅನ್ನಿಸಬಹುದು. ನನಗೆ ಅದೇ ಹೆಚ್ಚು ಭರವಸೆ ಕೊಡುವ ಸಾಲು. ಇಂಥ ಲೈಸೆನ್ಸ್ ಸಾಮಾನ್ಯವಾಗಿ ಒಬ್ಬ ಟೀಚರ್‌ಗೆ, ಅವರ ಸ್ವಂತ ವಿದ್ಯಾರ್ಥಿಗಳಿಗೆ ಕಾಗದದ ಪ್ರತಿ ಕೊಡುವಷ್ಟಕ್ಕೆ ಇರುತ್ತದೆ. ಪಕ್ಕದ ಟೀಚರ್‌ಗೆ ಬೇಕಾದರೆ ಅವರೂ ಒಂದು ಕೊಳ್ಳಬೇಕು. ಆನ್‌ಲೈನ್‌ನಲ್ಲಿ ಕಲಿಸುವವರು ಮಾತ್ರ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಮಕ್ಕಳಿಗೆ ಪಿಡಿಎಫ್ ಕಳಿಸಬಹುದೋ, ಕಾಗದ ಮಾತ್ರವೋ? ಪ್ರಿಂಟಿಂಗ್ ಅಂಗಡಿಗೆ ಫೈಲ್ ಕೊಟ್ಟು ಪ್ರಿಂಟ್ ಹಾಕಿಸುವವರು ಅದಕ್ಕೂ ಅನುಮತಿ ಬರೆದಿದೆಯೇ ಅಂತ ನೋಡಿಕೊಳ್ಳಲಿ, ಕೆಲವು ಅಂಗಡಿಯವರು ಕೇಳುತ್ತಾರೆ.

ಲೈಸೆನ್ಸ್ ಲಿಸ್ಟಿಂಗ್‌ನ ವಿವರಣೆಯಲ್ಲಿ ಮಾತ್ರ ಇದ್ದರೆ ಕೊಂಡ ದಿನವೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆದು, ಆರ್ಡರ್ ನಂಬರ್ ಜೊತೆ ಫೈಲಿನ ಫೋಲ್ಡರ್‌ನಲ್ಲೇ ಇಡಿ. ವಿವರಣೆಯನ್ನು ನಾಳೆ ಬದಲಿಸಬಹುದು. ಲೈಸೆನ್ಸನ್ನೇ ಒಂದು ಪುಟದ ಪಿಡಿಎಫ್ ಮಾಡಿ ಕಟ್ಟಿನಲ್ಲಿ ಸೇರಿಸಿ ಕೊಡುವವರು ಸಿಕ್ಕರೆ ಇನ್ನೂ ಒಳ್ಳೆಯದು.

ಹಾಗಾಗಿ ಸಂಗೀತ ಟೀಚರ್‌ಗೆ ನಾನು ಹೇಳುವುದು ಮೂರನೆಯದು, ತರಗತಿಯ ಲೈಸೆನ್ಸ್ ಸೇರಿಸಿ. ಒಟ್ಟು ಖರ್ಚು ಕೊಂಚ ಜಾಸ್ತಿ ಆಗುತ್ತದೆ, ಆದರೆ ಹಾಳೆ ಕತ್ತರಿಸಿ ನೇರವಾಗಿ ಬೈಂಡರ್‌ಗೆ ಹಾಕಬಹುದು, ಮಕ್ಕಳಿಗೆ ಕೊಡುವಾಗ ಅಳುಕು ಇರುವುದಿಲ್ಲ. ಎ4 ಫೈಲಿನಲ್ಲೇ ಹಾಳೆ ಇಡುವ, ತಮಗೊಬ್ಬರಿಗೇ ಬೇಕಾದವರಾಗಿದ್ದರೆ ಮೊದಲನೆಯದೂ ಸಾಕಿತ್ತು. ಟ್ಯಾಬ್ಲೆಟ್‌ನಲ್ಲಿ ಬರೆಯುವವರಾಗಿದ್ದರೆ ಎರಡನೆಯದನ್ನು ನೋಡಬಹುದಿತ್ತು.

ಎರಡನೆಯದರ ವಿನ್ಯಾಸವೇ ಮನಸ್ಸಿಗೆ ಹಿಡಿಸಿ ಬಿಡಲಾಗದಿದ್ದರೆ, ಕೊಳ್ಳುವ ಮೊದಲು ಮಾರುವವರಿಗೆ ಹೀಗೊಂದು ಮೆಸೇಜ್ ಹಾಕಿ:

"ನಮಸ್ಕಾರ. ನಿಮ್ಮ ಎ5 ಫೈಲಿನಲ್ಲಿ ಗೆರೆಗಳ ನಡುವೆ ಎಷ್ಟು ಮಿ.ಮೀ. ಇದೆ? ಎ5 ಚಿತ್ರ ಎಷ್ಟು ಪಿಕ್ಸೆಲ್? ನನ್ನ 20 ವಿದ್ಯಾರ್ಥಿಗಳಿಗೆ ಅಭ್ಯಾಸದ ಪುಟ ಪ್ರಿಂಟ್ ಹಾಕಿ ಕೊಡಬಹುದೇ? ಹೂವಿನ ಚಿತ್ರಗಳು ನೀವೇ ಬರೆದದ್ದೇ?"

ವಿನ್ಯಾಸ ತಾವೇ ಮಾಡಿದವರಿಗೆ ಈ ನಾಲ್ಕಕ್ಕೂ ಉತ್ತರ ಗೊತ್ತಿರುತ್ತದೆ, ಫೈಲ್ ತೆರೆದು ನೋಡಿ ಹೇಳುತ್ತಾರೆ. "ಯಾವ ಅಳತೆಗೆ ಬೇಕಾದರೂ ರೀಸೈಜ್ ಮಾಡಿಕೊಳ್ಳಿ" ಅಂತ ಒಂದೇ ಸಾಲು ಬಂದರೆ, ಅವರೂ ಎಲ್ಲಿಂದಲೋ ಪಿಎಲ್ಆರ್ ಕೊಂಡು ಮಾರುತ್ತಿರುವ ಸಾಧ್ಯತೆ ಹೆಚ್ಚು. ಅದೇ ಪ್ಲ್ಯಾನರ್ ಬೇರೆ ಹೆಸರಿನಲ್ಲಿ ಇನ್ನಷ್ಟು ಅಂಗಡಿಗಳಲ್ಲಿ ಇದೆಯೇ ಅಂತ ಲಿಸ್ಟಿಂಗ್‌ನ ಫೋಟೋ ಹಾಕಿ ಇಮೇಜ್ ಸರ್ಚ್ ಮಾಡಿ ನೋಡಿ. ಇದ್ದರೆ ಅದನ್ನು ಬಿಟ್ಟು ಮೂರನೆಯದಕ್ಕೇ ಬನ್ನಿ.